‘ಮಳೆ ಬಂದು ಕೆರೆ ತುಂಬಿತು’: ಸಂಸ್ಕೃತದಲ್ಲಿ ಯಾಕೆ ತಪ್ಪು?

ಕನ್ನಡ ಮಾಧ್ಯಮದ ಪ್ರೌಢಶಾಲೆಯ ಮಕ್ಕಳಿಗೆ ‘ಮಳೆ ಬಂದು ಕೆರೆ ತುಂಬಿತು’ ಎಂಬ ವಾಕ್ಯ ಕೊಟ್ಟು ಸಂಸ್ಕೃತದಲ್ಲಿ ಬರೆಯಲು ಹೇಳಿ. ಚೆನ್ನಾಗಿ ಓದುವ ಹುಡುಗಿಯೇ ‘ವೃಷ್ಟಿಃ ಆಗತ್ಯ ತಡಾಗಃ ಪೂರ್ಣಃ ಅಭವತ್’ ಎಂದು ಬರೆದುಕೊಡುತ್ತಾಳೆ. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದು ಪದವೂ ಸರಿ. ವೃಷ್ಟಿ ಎಂದರೆ ಮಳೆ, ಆಗತ್ಯ ಎಂದರೆ ಬಂದು, ತಡಾಗ ಎಂದರೆ ಕೆರೆ. ಉಪಸರ್ಗ ಇರುವುದರಿಂದ ‘ಗತ್ವಾ’ ಬಾರದೆ ‘ಆಗತ್ಯ’ ಬಂದಿದೆ, ಅದೂ ಸರಿ. ಆದರೂ ವಾಕ್ಯ ತಪ್ಪು. ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಾರೆ. ಯಾಕೆ ಎಳೆದರು ಎಂಬುದು ಆ ಹುಡುಗಿಗೆ ಬಹಳ ಸಲ ತಿಳಿಯುವುದೇ ಇಲ್ಲ.

ಕರ್ನಾಟಕದ ಪ್ರೌಢಶಾಲೆಗಳಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಓದುವವರಿದ್ದಾರೆ, ತೃತೀಯ ಭಾಷೆಯಾಗಿ ಓದುವವರೂ ಇದ್ದಾರೆ. ಎಸ್ಸೆಸ್ಸೆಲ್ಸಿ ಹೊತ್ತಿಗೆ ಅವರ ಅಭ್ಯಾಸದ ಪುಟಗಳಲ್ಲಿ ಮೂರು ಸಂಗತಿ ಮತ್ತೆ ಮತ್ತೆ ಎದುರಾಗುತ್ತವೆ: ಲೋಟ್ ಲಕಾರ, ವಿಧಿಲಿಙ್ ಲಕಾರ, ಕ್ತ್ವಾ-ಲ್ಯಪ್ ಪ್ರತ್ಯಯದ ಅವ್ಯಯಗಳು. ‘ಓದಲಿ’, ‘ಓದಬೇಕು’, ‘ಓದಿ’ ಎಂದು ಕನ್ನಡದಲ್ಲಿ ಹೇಳುವ ಮೂರು ಮಾತುಗಳಿಗೆ ಸಂಸ್ಕೃತದ ರೂಪಗಳು ಇವು. ಕನ್ನಡದ ಮಗುವಿಗೆ ಈ ಮೂರೂ ಸುಲಭವಾಗಬೇಕು, ಏಕೆಂದರೆ ಮೂರಕ್ಕೂ ಹೊಂದುವ ರೂಪ ಮನೆಮಾತಿನಲ್ಲೇ ಇದೆ. ಎಡವುವುದೂ ಆ ಹೊಂದಿಕೆ ಎಲ್ಲಿ ಮುಗಿಯುತ್ತದೋ ಅಲ್ಲೇ. ಆದ್ದರಿಂದ ರೂಪಗಳ ಪಟ್ಟಿಗೆ ಕೊಡುವಷ್ಟೇ ಹೊತ್ತನ್ನು ಈ ಗಡಿ ತೋರಿಸುವುದಕ್ಕೂ ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಮಳೆಯ ವಾಕ್ಯಕ್ಕೇ ಬರೋಣ. ಕ್ತ್ವಾ ಪ್ರತ್ಯಯಕ್ಕೆ ಪಾಣಿನಿ ಎರಡು ಷರತ್ತು ಹಾಕಿದ್ದಾನೆ. ಅಷ್ಟಾಧ್ಯಾಯಿಯ 3.4.21ನೆಯ ಸೂತ್ರದ ಪ್ರಕಾರ ಎರಡು ಕ್ರಿಯೆಗಳನ್ನೂ ಮಾಡಿದವರು ಒಬ್ಬರೇ ಆಗಿರಬೇಕು, ಮತ್ತು ಕ್ತ್ವಾ ಹತ್ತುವ ಕ್ರಿಯೆ ಮೊದಲು ನಡೆದಿರಬೇಕು. ‘ಬಾಲಕಃ ಗೃಹಂ ಗತ್ವಾ ದುಗ್ಧಂ ಪಿಬತಿ’ ಎಂಬಲ್ಲಿ ಮನೆಗೆ ಹೋದವನೂ ಹಾಲು ಕುಡಿಯುವವನೂ ಅದೇ ಹುಡುಗ. ಹೋದದ್ದು ಮೊದಲು, ಕುಡಿದದ್ದು ಆಮೇಲೆ. ಮಳೆಯ ವಾಕ್ಯದಲ್ಲಿ ಬಂದದ್ದು ಮಳೆ, ತುಂಬಿದ್ದು ಕೆರೆ. ಕರ್ತೃ ಬೇರೆಯಾದ್ದರಿಂದ ಲ್ಯಪ್‌ಗೆ ಅಲ್ಲಿ ಜಾಗವಿಲ್ಲ.

ಕನ್ನಡ ಈ ವಿಷಯದಲ್ಲಿ ಅಷ್ಟು ಬಿಗಿಯಲ್ಲ. ‘ಕರೆಂಟು ಹೋಗಿ ಪಂಪ್ ನಿಂತಿತು’, ‘ಗಾಳಿ ಬೀಸಿ ಮಾವಿನಕಾಯಿ ಉದುರಿದವು’ ಎಂದು ನಾವು ದಿನವೂ ಹೇಳುತ್ತೇವೆ. ಹಾಗೆಂದು ಕನ್ನಡದಲ್ಲಿ ನಿಯಮವೇ ಇಲ್ಲವೆಂದಲ್ಲ. ‘ಅಣ್ಣ ಬಂದು ನಾನು ಹೋದೆ’ ಎಂದು ಯಾರೂ ಹೇಳುವುದಿಲ್ಲ, ‘ಅಣ್ಣ ಬಂದ ಮೇಲೆ ನಾನು ಹೋದೆ’ ಎನ್ನುತ್ತೇವೆ. ಮೊದಲಿನದು ಕಾರಣವಾಗಿ, ಎರಡನೆಯದು ತಾನಾಗಿಯೇ ಆಗುವಂಥದ್ದಾದರೆ ಮಾತ್ರ ಕನ್ನಡ ಕರ್ತೃ ಬದಲಾಗಲು ಒಪ್ಪುತ್ತದೆ. ಕರೆಂಟು ಹೋದದ್ದರಿಂದ ಪಂಪ್ ನಿಂತಿತು. ಅದು ನಿಲ್ಲಬೇಕೆಂದು ಬಯಸಿ ನಿಂತದ್ದಲ್ಲ. ಇಂಥ ವಾಕ್ಯಗಳೇ ಸಂಸ್ಕೃತದ ಅಭ್ಯಾಸದಲ್ಲಿ ಬಲೆಯಾಗುವುದು.

ತೆಲುಗಿನವರ ಪಾಡೂ ಇದೇ. ‘ವಾನ ವಚ್ಚಿ ಚೆರುವು ನಿಂಡಿಂದಿ’ ಎಂಬ ಅವರ ಮಾತು ನಮ್ಮ ಮಾತಿನ ಪಡಿಯಚ್ಚು. ಆಂಧ್ರದಲ್ಲಿ ಇಂಟರ್‌ಮೀಡಿಯೆಟ್‌ಗೆ ಎರಡನೇ ಭಾಷೆಯಾಗಿ ಸಂಸ್ಕೃತ ತೆಗೆದುಕೊಳ್ಳುವವರು ಬಹಳ. ವಿಜಯವಾಡದಲ್ಲೋ ವಿಶಾಖಪಟ್ಟಣದಲ್ಲೋ ಓದುವ ಕನ್ನಡದ ಮಗು ಪಕ್ಕದ ತೆಲುಗು ಗೆಳತಿಯನ್ನು ಕೇಳಿ ತಿದ್ದಿಕೊಳ್ಳೋಣವೆಂದರೆ ಅವಳಿಗೂ ಆ ವಾಕ್ಯ ಸರಿಯಾಗಿಯೇ ಕಾಣುತ್ತದೆ. ಅಲ್ಲಿನದೇ ಒಂದು ಉದಾಹರಣೆ ನೋಡಿ. ವಿಶಾಖಪಟ್ಟಣದ ನಿಲ್ದಾಣಕ್ಕೆ ಹೋಗದೆ ಮುಂದೆ ಸಾಗುವ ಕೆಲವು ರೈಲುಗಳು ಊರಂಚಿನ ದುವ್ವಾಡದಲ್ಲಿ ನಿಲ್ಲುತ್ತವೆ. ‘ಯಾತ್ರಿಕರು ದುವ್ವಾಡದಲ್ಲಿ ಇಳಿದು ವಿಶಾಖಪಟ್ಟಣಕ್ಕೆ ಹೋಗುತ್ತಾರೆ’ ಎಂಬುದನ್ನು ‘ಯಾತ್ರಿಕಾಃ ದುವ್ವಾಡೇ ಅವತೀರ್ಯ ವಿಶಾಖಪಟ್ಟಣಂ ಗಚ್ಛಂತಿ’ ಎಂದು ಧೈರ್ಯವಾಗಿ ಬರೆಯಬಹುದು. ಇಳಿಯುವವರೂ ಹೋಗುವವರೂ ಅವರೇ. ‘ರೈಲು ತಡವಾಗಿ ಯಾತ್ರಿಕರಿಗೆ ಬಸ್ಸು ತಪ್ಪಿತು’ ಎಂಬುದನ್ನು ಮಾತ್ರ ಹಾಗೆ ಬರೆಯಲಾಗದು.

ಹಾಗಾದರೆ ಮಳೆಯ ವಾಕ್ಯವನ್ನು ಬರೆಯುವುದು ಹೇಗೆ? ಸುಲಭದ ದಾರಿ ತೃತೀಯಾ ವಿಭಕ್ತಿ: ‘ವೃಷ್ಟ್ಯಾ ತಡಾಗಃ ಪೂರ್ಣಃ ಅಭವತ್’. ಮಳೆಯಿಂದ ಕೆರೆ ತುಂಬಿತು ಎಂದಂತಾಯಿತು. ಇನ್ನೊಂದು ದಾರಿ ‘ಯದಾ ವೃಷ್ಟಿಃ ಅಭವತ್ ತದಾ ತಡಾಗಃ ಪೂರ್ಣಃ ಅಭವತ್’ ಎಂದು ಯದಾ-ತದಾ ಹಾಕಿ ಎರಡು ವಾಕ್ಯ ಮಾಡುವುದು. ಮೂರನೆಯದು ಸತಿಸಪ್ತಮಿ: ‘ವೃಷ್ಟೌ ಜಾತಾಯಾಂ ತಡಾಗಃ ಪೂರ್ಣಃ ಅಭವತ್’. ಕರ್ತೃ ಬೇರೆಯಾದಾಗ ಸಂಸ್ಕೃತ ಬಳಸುವುದು ಇದನ್ನೇ, ಆದರೆ ಎಂಟನೇ ತರಗತಿಗೆ ಇದು ಭಾರ. ಅಲ್ಲಿ ತೃತೀಯೆಯೂ ಯದಾ-ತದಾವೂ ಸಾಕು.

ಕರ್ತೃ ಎಂದರೆ ಪ್ರಥಮಾ ವಿಭಕ್ತಿಯಲ್ಲಿರುವ ಪದ ಎಂದು ಮಗು ತಿಳಿದಿದ್ದರೆ ಇಲ್ಲೊಂದು ತೊಡಕು ಬರುತ್ತದೆ. ‘ರಾಮೇಣ ವನಂ ಗತ್ವಾ ರಾಕ್ಷಸಾಃ ಹತಾಃ’ ಎಂಬ ಕರ್ಮಣಿ ವಾಕ್ಯದಲ್ಲಿ ಪ್ರಥಮೆಯಲ್ಲಿರುವುದು ರಾಕ್ಷಸಾಃ. ಕಾಡಿಗೆ ಹೋದವರು ರಾಕ್ಷಸರು ಎಂದು ಅನುವಾದಿಸಿದ ಉತ್ತರಪತ್ರಿಕೆಗಳು ಸಿಗುತ್ತವೆ. ಹೋದವನು ರಾಮ, ಕೊಂದವನೂ ರಾಮ. ವಿಭಕ್ತಿ ಯಾವುದೇ ಇರಲಿ, ‘ಕೆಲಸ ಮಾಡಿದವರು ಯಾರು?’ ಎಂದು ಕೇಳಿದರೆ ಗೊಂದಲ ತೀರುತ್ತದೆ.

ಇನ್ನೊಂದು ಬಲೆ ನಮ್ಮ ಜೋಡುಕ್ರಿಯೆಗಳದು. ‘ಬರೆದು ಕೊಟ್ಟ’ ಎನ್ನುವುದೂ ‘ಮರೆತುಬಿಟ್ಟ’ ಎನ್ನುವುದೂ ನೋಡಲು ಒಂದೇ ತರಹ. ಆದರೆ ಬರೆದು ಕೊಟ್ಟವನು ಮೊದಲು ಬರೆದ, ಆಮೇಲೆ ಕೊಟ್ಟ. ಮರೆತುಬಿಟ್ಟವನು ಮರೆತ, ಅಷ್ಟೇ. ಆಮೇಲೆ ಏನನ್ನೂ ಬಿಡಲಿಲ್ಲ. ಹಾಗಾಗಿ ಮೊದಲನೆಯದು ‘ಲಿಖಿತ್ವಾ ದತ್ತವಾನ್’ ಆಗುತ್ತದೆ, ಎರಡನೆಯದು ಬರೀ ‘ವಿಸ್ಮೃತವಾನ್’. ‘ಕರೆದುಕೊಂಡು ಹೋದ’ ಎಂಬುದೂ ‘ನೀತವಾನ್’ ಎಂಬ ಒಂದೇ ಪದದಲ್ಲಿ ಮುಗಿಯುತ್ತದೆ. ಎರಡು ಕ್ರಿಯೆಗಳ ನಡುವೆ ‘ಆಮೇಲೆ’ ಸೇರಿಸಿ ನೋಡಲು ಮಕ್ಕಳಿಗೆ ಕಲಿಸಿ. ಅರ್ಥ ಉಳಿದರೆ ಕ್ತ್ವಾ, ಕೆಟ್ಟರೆ ಒಂದೇ ಕ್ರಿಯಾಪದ. ‘ಅವನು ಊರಿಗೆ ಬಂದು ಎರಡು ವರ್ಷವಾಯಿತು’ ಎಂಬಂಥ ವಾಕ್ಯಕ್ಕೆ ‘ಯಾರು?’ ಎಂಬ ಪ್ರಶ್ನೆ ಸಾಕು: ಬಂದವನು ಅವನು, ಆದದ್ದು ವರ್ಷ. ಅಲ್ಲಿ ‘ತಸ್ಯ ಗ್ರಾಮಾಗಮನಾತ್ ಪರಂ ವರ್ಷದ್ವಯಮ್ ಅತೀತಮ್’ ಎಂದು ಬರೆಯಬೇಕು.

ಇನ್ನು ರೂಪ ಮಾಡುವ ಮಾತು. ಗಮ್ ಧಾತುವಿಗೆ ಗತ್ವಾ, ದೃಶ್‌ಗೆ ದೃಷ್ಟ್ವಾ, ವಚ್‌ಗೆ ಉಕ್ತ್ವಾ, ಲಭ್‌ಗೆ ಲಬ್ಧ್ವಾ. ಧಾತುವೇ ಗುರುತು ಸಿಗದಷ್ಟು ಬದಲಾಗುತ್ತದೆ. ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ. ಬಹುಪಾಲು ಹಾಗೆ ಮಾಡಬೇಕಾಗಿಲ್ಲ, ಯಾಕೆಂದರೆ ಅರ್ಧ ಉತ್ತರ ಅವರ ಕನ್ನಡದಲ್ಲೇ ಇದೆ. ಗತ, ಕೃತ, ದೃಷ್ಟ, ಶ್ರುತ, ಉಕ್ತ, ಭುಕ್ತ, ತ್ಯಕ್ತ, ಜ್ಞಾತ, ಲಬ್ಧ, ಲಿಖಿತ, ಸ್ಥಿತ, ದತ್ತ: ಈ ಪದಗಳನ್ನು ಕನ್ನಡದ ಪಾಠಗಳಲ್ಲಿ, ಪತ್ರಿಕೆಗಳಲ್ಲಿ ಅವರು ಓದಿಯೇ ಇರುತ್ತಾರೆ. ಇವೆಲ್ಲ ಕ್ತ ಪ್ರತ್ಯಯದ ರೂಪಗಳು. ಧಾತುವಿನಲ್ಲಿ ಕ್ತ ಯಾವ ಬದಲಾವಣೆ ತರುತ್ತದೋ ಸಾಮಾನ್ಯವಾಗಿ ಕ್ತ್ವಾ ಕೂಡ ಅದನ್ನೇ ತರುತ್ತದೆ. ಕೊನೆಯ ಅಕಾರ ತೆಗೆದು ‘ವಾ’ ಸೇರಿಸಿದರೆ ಗತ್ವಾ, ಕೃತ್ವಾ, ದೃಷ್ಟ್ವಾ, ಉಕ್ತ್ವಾ, ಭುಕ್ತ್ವಾ, ಲಬ್ಧ್ವಾ ಸಿದ್ಧ.

ಈ ದಾರಿ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಹೇಳಿಬಿಡಬೇಕು. ಕ್ತ ಪ್ರತ್ಯಯದ ತಕಾರ ಕೆಲವು ಕಡೆ ನಕಾರವೋ ಬೇರೆ ಅಕ್ಷರವೋ ಆಗಿರುತ್ತದೆ: ಛಿನ್ನ, ಭಿನ್ನ, ಪಕ್ವ. ಅಲ್ಲಿ ‘ಛಿನ್ನ್ವಾ’ ಎಂದು ಮಾಡಿದರೆ ತಪ್ಪು. ಛಿತ್ತ್ವಾ, ಭಿತ್ತ್ವಾ, ಪಕ್ತ್ವಾ ಎಂಬುವು ಸರಿಯಾದ ರೂಪಗಳು. ಕೊನೆಯಲ್ಲಿ ತ, ಟ ಅಥವಾ ಧ ಕೇಳಿಸಿದರೆ ಮಾತ್ರ ಈ ಉಪಾಯ ಬಳಸಿ, ಉಳಿದವನ್ನು ಪುಸ್ತಕದಲ್ಲಿ ನೋಡಿ ಎಂದು ಹೇಳಿದರೆ ಮಕ್ಕಳಿಗೆ ಸಾಕು.

ಧಾತುವಿಗೆ ಉಪಸರ್ಗ ಸೇರಿದರೆ ಕ್ತ್ವಾ ಹೋಗಿ ಲ್ಯಪ್ ಬರುತ್ತದೆ. ಇದು 7.1.37ನೆಯ ಸೂತ್ರದ ಮಾತು. ಹೋಗಿ ಎಂದರೆ ಗತ್ವಾ, ಬಂದು ಎಂದರೆ ಆಗತ್ಯ. ಕನ್ನಡದಲ್ಲಿ ‘ಹೋಗಿ’, ‘ಬಂದು’ ಎರಡೂ ಬೇರೆ ಬೇರೆ ಧಾತು. ಉಪಸರ್ಗದ ಆಟವೇ ಇಲ್ಲ. ಹಾಗಾಗಿ ‘ಆಗತ್ವಾ’, ‘ಉಪವಿಷ್ಟ್ವಾ’ ಎಂಬ ತಪ್ಪುಗಳು ಎಲ್ಲ ಶಾಲೆಗಳಲ್ಲೂ ಕಾಣುತ್ತವೆ. ಆಗತ್ಯ, ಉಪವಿಶ್ಯ ಆಗಬೇಕು. ‘ಯ’ದ ಹಿಂದೆ ತಕಾರ ಬರುವುದು ಯಾವಾಗ ಎಂಬುದಕ್ಕೂ ಕಾರಣವಿದೆ. ಧಾತುವಿನ ಕೊನೆಗೆ ಹ್ರಸ್ವ ಸ್ವರವಿದ್ದರೆ ತಕಾರ ಬರುತ್ತದೆ: ಜಿ ಧಾತುವಿಗೆ ವಿಜಿತ್ಯ, ಕೃಗೆ ಅನುಕೃತ್ಯ, ಸ್ಮೃಗೆ ವಿಸ್ಮೃತ್ಯ. ದೀರ್ಘವಿದ್ದರೆ ಬರುವುದಿಲ್ಲ: ನೀ ಧಾತುವಿಗೆ ಆನೀಯ, ಭೂಗೆ ಅನುಭೂಯ, ದಾಗೆ ಆದಾಯ. ಗಮ್‌ನಂಥ ಕೆಲವಕ್ಕೆ ಎರಡೂ ಉಂಟು. ಆಗತ್ಯವೂ ಸರಿ, ಆಗಮ್ಯವೂ ಸರಿ. ಪುಸ್ತಕದಲ್ಲಿ ಒಂದೇ ಕೊಟ್ಟಿದೆ ಎಂದು ಇನ್ನೊಂದನ್ನು ಹೊಡೆದುಹಾಕುವುದು ಮಗುವಿಗೆ ಮಾಡುವ ಅನ್ಯಾಯ.

‘ಆದಾಯ’ ಎಂಬ ರೂಪವನ್ನು ತರಗತಿಯಲ್ಲಿ ಒಮ್ಮೆ ನಿಲ್ಲಿಸಿ ತೋರಿಸಲೇಬೇಕು. ‘ಸಃ ಧನಮ್ ಆದಾಯ ಗತಃ’ ಎಂದರೆ ಅವನು ಹಣ ತೆಗೆದುಕೊಂಡು ಹೋದ ಎಂದರ್ಥ. ಕನ್ನಡದ ಮಗುವಿಗೆ ಆದಾಯ ಎಂದರೆ ಸಂಪಾದನೆ. ವಾಕ್ಯದಲ್ಲಿ ಧನವೂ ಇರುವುದರಿಂದ ಆ ಅರ್ಥ ಇನ್ನಷ್ಟು ಸಲೀಸಾಗಿ ಕೂತುಬಿಡುತ್ತದೆ. ವಿಹಾಯ, ನಿಧಾಯ, ಉತ್ಥಾಯ ಎಂಬುವು ರಾಮಾಯ, ಬಾಲಾಯ ಎಂಬವುಗಳ ಹಾಗೆ ಕೇಳಿಸಿ ‘ಚತುರ್ಥೀ ವಿಭಕ್ತಿ’ ಎಂಬ ಉತ್ತರ ಬರುತ್ತದೆ. ಮುಂದೆ ಉಪಸರ್ಗ ಇದೆಯೇ, ಅದನ್ನು ತೆಗೆದರೆ ಉಳಿಯುವುದು ಧಾತುವೇ ಎಂದು ನೋಡಿದರೆ ಗುರುತು ಸಿಗುತ್ತದೆ. ವಿ ತೆಗೆದರೆ ಹಾ, ನಿ ತೆಗೆದರೆ ಧಾ. ರಾಮಾಯದಲ್ಲಿ ಹಾಗೆ ತೆಗೆಯಲು ಏನೂ ಇಲ್ಲ.

ಇನ್ನು ಲೋಟ್ ಮತ್ತು ವಿಧಿಲಿಙ್. ಕನ್ನಡ ವ್ಯಾಕರಣದ ಪಾಠದಲ್ಲಿ ಮಕ್ಕಳು ‘ಮಾಡಲಿ’ ಎಂಬುದನ್ನು ವಿಧ್ಯರ್ಥಕ, ‘ಮಾಡಿಯಾನು’ ಎಂಬುದನ್ನು ಸಂಭಾವನಾರ್ಥಕ ಎಂದು ಕಲಿತಿರುತ್ತಾರೆ. ಸಂಸ್ಕೃತದ ತರಗತಿಗೆ ಬಂದಾಗ ‘ವಿಧಿಲಿಙ್’ ಎಂಬ ಹೆಸರು ಕೇಳಿದ ಕೂಡಲೇ ‘ಮಾಡಲಿ’ ನೆನಪಾಗುತ್ತದೆ. ಆದರೆ ‘ಮಾಡಲಿ’ಗೆ ಶಾಲೆಯಲ್ಲಿ ಕೊಡುವ ಸಂಸ್ಕೃತ ರೂಪ ಲೋಟ್‌ನ ‘ಕರೋತು’. ವಿಧಿಲಿಙ್‌ನ ‘ಕುರ್ಯಾತ್’ಗೆ ‘ಮಾಡಬೇಕು’, ‘ಮಾಡಿಯಾನು’, ‘ಮಾಡಬಹುದು’ ಎಲ್ಲವೂ ಸಲ್ಲುತ್ತವೆ. ಎರಡು ಪಾಠಗಳಲ್ಲೂ ಬರುವ ಒಂದೇ ಹೆಸರು ಬೇರೆ ಬೇರೆ ಜಾಗಕ್ಕೆ ಬೊಟ್ಟು ಮಾಡುವುದರಿಂದ ಈ ಗೊಂದಲ. ಮೊದಲ ದಿನವೇ ಬಿಡಿಸಿ ಹೇಳಿದರೆ ಆಮೇಲೆ ಕಾಡುವುದಿಲ್ಲ.

ಅರ್ಥದಲ್ಲಿ ಇವೆರಡರ ನಡುವೆ ಗೋಡೆ ಇಲ್ಲ ಎಂಬುದನ್ನೂ ಉಪಾಧ್ಯಾಯರು ನೆನಪಿಡಬೇಕು. ವಿಧಿ, ಆಮಂತ್ರಣ, ಪ್ರಾರ್ಥನೆ ಮೊದಲಾದ ಅರ್ಥಗಳನ್ನು 3.3.161ರಲ್ಲಿ ಲಿಙ್‌ಗೆ ಹೇಳಿದ ಪಾಣಿನಿ ಮರುಸೂತ್ರದಲ್ಲೇ ಲೋಟ್ ಕೂಡ ಅವೇ ಅರ್ಥಗಳಲ್ಲಿ ಬರುತ್ತದೆ ಎನ್ನುತ್ತಾನೆ. ಲೋಟ್ ಎಂದರೆ ಆಜ್ಞೆ, ವಿಧಿಲಿಙ್ ಎಂದರೆ ‘ಬೇಕು’ ಎಂಬ ಹಂಚಿಕೆ ಅನುವಾದಕ್ಕಾಗಿ ಶಾಲೆ ಮಾಡಿಕೊಂಡ ಅನುಕೂಲ. ‘ಛಾತ್ರಃ ಸತ್ಯಂ ವದೇತ್’ ಎಂಬುದನ್ನು ‘ವಿದ್ಯಾರ್ಥಿ ನಿಜ ಹೇಳಲಿ’ ಎಂದು ಅನುವಾದಿಸಿದ ಮಗುವಿನ ಅಂಕ ಕಳೆಯಲು ಕಾರಣವಿಲ್ಲ.

ಕನ್ನಡದ ‘-ಲಿ’ ಲೋಟ್‌ಗೆ ಎಷ್ಟು ಹತ್ತಿರ ಎಂಬುದು ಉತ್ತಮ ಪುರುಷದಲ್ಲಿ ಚೆನ್ನಾಗಿ ಕಾಣುತ್ತದೆ. ಬಾಗಿಲಲ್ಲಿ ನಿಂತು ‘ಒಳಗೆ ಬರಲಾ ಸಾರ್?’ ಎಂದು ಮಗು ಕೇಳುವುದು ‘ಅಂತಃ ಆಗಚ್ಛಾನಿ ವಾ?’ ಎಂಬುದೇ. ‘ಹೋಗೋಣ’ ಎಂದರೆ ‘ಗಚ್ಛಾಮ’. ಪಠಾನಿ, ಗಚ್ಛಾನಿ ಎಂಬ ರೂಪಗಳು ಮಕ್ಕಳಿಗೆ ಅಪರಿಚಿತವಾಗಿ ಉಳಿಯುವುದು ‘ನನಗೆ ನಾನೇ ಆಜ್ಞೆ ಮಾಡಿಕೊಳ್ಳುವುದು ಹೇಗೆ?’ ಎಂಬ ಸಂಶಯದಿಂದ. ‘ಬರಲಾ?’ ಎಂಬ ಪ್ರಶ್ನೆಯಿಂದ ಆರಂಭಿಸಿದರೆ ಆ ಸಂಶಯ ಏಳುವುದೇ ಇಲ್ಲ. ‘ಗಚ್ಛಾಮಃ’ ಎಂದು ವಿಸರ್ಗ ಹಾಕಿದರೆ ಮಾತ್ರ ಅದು ವರ್ತಮಾನ, ‘ಹೋಗುತ್ತೇವೆ’ ಎಂದಾಗುತ್ತದೆ.

ಗೌರವದ ಮಾತಿನಲ್ಲಿ ಕನ್ನಡ ದಾರಿ ತಪ್ಪಿಸುತ್ತದೆ. ‘ತಾವು ಬನ್ನಿ’ ಎಂಬುದು ನಮಗೆ ಮಧ್ಯಮ ಪುರುಷ. ಸಂಸ್ಕೃತದಲ್ಲಿ ‘ಭವಾನ್’ ಶಬ್ದಕ್ಕೆ ಪ್ರಥಮ ಪುರುಷದ ಕ್ರಿಯೆಯೇ ಬೇಕು: ‘ಭವಾನ್ ಆಗಚ್ಛತು’. ‘ಭವಾನ್ ಆಗಚ್ಛ’ ಎಂದರೆ ತಪ್ಪು. 1981ರಲ್ಲಿ ಬೆಂಗಳೂರಿನಲ್ಲಿ ಮೊದಲಾದ ಸಂಸ್ಕೃತ ಭಾರತಿಯ ಸಂಭಾಷಣ ಶಿಬಿರಗಳಲ್ಲಿ ಉಪವಿಶತು, ಉತ್ತಿಷ್ಠತು, ವದತು ಎಂದು ಕೇಳಿ ಬಂದ ಮಕ್ಕಳು ಈ ತಪ್ಪು ಮಾಡುವುದು ಕಡಿಮೆ. ಅವರ ತೊಡಕು ಬೇರೆ: ‘ತ್ವಮ್’ ಬಂದಾಗಲೂ ‘ವದತು’ ಎಂದೇ ಬರೆಯುತ್ತಾರೆ.

ಒಂಬತ್ತು ಒಂಬತ್ತು ರೂಪಗಳ ಪಟ್ಟಿಯ ಭಯಕ್ಕೆ ಪಾಣಿನಿಯಲ್ಲೇ ಪರಿಹಾರವಿದೆ. ಲೋಟ್ ಅನ್ನು ಲಙ್‌ನ ಹಾಗೆಯೇ ಕಾಣಿರಿ ಎಂದು 3.4.85ರಲ್ಲಿ ಅವನು ಹೇಳುತ್ತಾನೆ. ಭೂತಕಾಲದ ಅಪಠತಾಮ್, ಅಪಠತಮ್, ಅಪಠತ, ಅಪಠಾವ, ಅಪಠಾಮ ಎಂಬುವುಗಳ ಮುಂದಿನ ಅಕಾರ ತೆಗೆದುಬಿಡಿ: ಪಠತಾಮ್, ಪಠತಮ್, ಪಠತ, ಪಠಾವ, ಪಠಾಮ. ಲೋಟ್‌ನ ಐದು ರೂಪ ಬಂದೇಬಿಟ್ಟವು. ಹೊಸದಾಗಿ ಕಲಿಯಬೇಕಾದ್ದು ಪಠತು, ಪಠಂತು, ಪಠ, ಪಠಾನಿ ಎಂಬ ನಾಲ್ಕೇ. ವಿಧಿಲಿಙ್‌ನಲ್ಲೂ ಹಾಗೆಯೇ, ನಡುವೆ ಏಕಾರ ಇಟ್ಟು ಅದೇ ಅಂತ್ಯಗಳನ್ನು ಹಚ್ಚಿದರೆ ಪಠೇತ್, ಪಠೇತಾಮ್, ಪಠೇಃ, ಪಠೇತಮ್, ಪಠೇತ, ಪಠೇವ, ಪಠೇಮ. ಬೇರೆಯಾಗಿ ನಿಲ್ಲುವುದು ಪಠೇಯುಃ, ಪಠೇಯಮ್ ಎರಡೇ. ಇದು ಪಠ್, ಗಮ್, ವದ್ ಮೊದಲಾದವುಗಳಂತೆ ಅಕಾರದಲ್ಲಿ ನಿಲ್ಲುವ ಅಂಗಗಳಿಗೆ ಹೊಂದುತ್ತದೆ. ಕುರು, ಕುರ್ಯಾತ್, ಅಸ್ತು, ಸ್ಯಾತ್ ಎಂಬುವನ್ನು ಬೇರೆಯಾಗಿಯೇ ಕಲಿಯಬೇಕು.

ಪರೀಕ್ಷೆಯಲ್ಲಿ ಹೆಚ್ಚು ಅಂಕ ಕಳೆಯುವುದು ‘ಪಠತ’ ಮತ್ತು ‘ಪಠಥ’. ‘ನೀವು ಓದಿರಿ’ ಎಂಬುದು ಪಠತ, ‘ನೀವು ಓದುತ್ತೀರಿ’ ಎಂಬುದು ಪಠಥ. ಮಹಾಪ್ರಾಣವನ್ನು ನಮ್ಮ ಆಡುಮಾತು ಅಷ್ಟಾಗಿ ಉಚ್ಚರಿಸುವುದಿಲ್ಲ, ಕಿವಿಗೆ ಎರಡೂ ಒಂದೇ ಆಗುತ್ತದೆ, ಕೈ ಕಿವಿಯನ್ನು ನಂಬುತ್ತದೆ. ಇದಕ್ಕೆ ಉಕ್ತಲೇಖನ ಬಿಟ್ಟರೆ ಬೇರೆ ಮದ್ದಿಲ್ಲ. ಆತ್ಮನೇಪದದ ಧಾತು ಬಂದಾಗ ಇನ್ನೊಂದು ಎಚ್ಚರ ಬೇಕು. ‘ಪಠತಾಮ್’ ದ್ವಿವಚನ, ‘ಲಭತಾಮ್’ ಏಕವಚನ. ‘ಪಠೇತ’ ಮಧ್ಯಮ ಪುರುಷ ಬಹುವಚನ, ‘ಲಭೇತ’ ಪ್ರಥಮ ಪುರುಷ ಏಕವಚನ. ಬಾಲ ನೋಡಿ ಉತ್ತರ ಬರೆಯುವ ಮೊದಲು ವರ್ತಮಾನದಲ್ಲಿ ಅದು ಪಠತಿಯೋ ಲಭತೇಯೋ ಎಂದು ಕೇಳಿಕೊಳ್ಳಬೇಕು.

ಮೂರೂ ಸೇರಿದ ಒಂದು ಅಭ್ಯಾಸವನ್ನು ಮಾಡಿ ನೋಡೋಣ. ಕೊಟ್ಟ ಕನ್ನಡ ಹೀಗಿದೆ ಎಂದಿಟ್ಟುಕೊಳ್ಳಿ: ‘ಮಕ್ಕಳು ಬೆಳಿಗ್ಗೆ ಎದ್ದು, ಮುಖ ತೊಳೆದು, ಪಾಠ ಓದಲಿ. ಅಮ್ಮ ಕರೆದ ಕೂಡಲೇ ಬಂದು ಊಟ ಮಾಡಬೇಕು. ಗಂಟೆ ಹೊಡೆದು ಪಾಠ ಶುರುವಾಗುತ್ತದೆ. ಪಾಠ ಓದದೆ ಆಡಬಾರದು.’

ಮೊದಲ ವಾಕ್ಯದಲ್ಲಿ ಏಳುವವರು, ತೊಳೆಯುವವರು, ಓದುವವರು ಮಕ್ಕಳೇ. ಹಾಗಾಗಿ ‘ಬಾಲಾಃ ಪ್ರಾತಃ ಉತ್ಥಾಯ ಮುಖಂ ಪ್ರಕ್ಷಾಲ್ಯ ಪಾಠಂ ಪಠಂತು’. ಎದ್ದು, ತೊಳೆದು ಎಂಬುವಕ್ಕೆ ಕಾಲವೂ ಇಲ್ಲ, ಆಜ್ಞೆಯೂ ಇಲ್ಲ. ಅವೆರಡೂ ಕೊನೆಯ ಕ್ರಿಯಾಪದದಿಂದ ಸಿಗುತ್ತವೆ. ಪಠಂತು ಬದಲು ಅಪಠನ್ ಹಾಕಿದರೆ ‘ಎದ್ದು, ತೊಳೆದು, ಓದಿದರು’ ಎಂದಾಗುತ್ತದೆ, ಉತ್ಥಾಯ ಮಾತ್ರ ಹಾಗೆಯೇ ಇರುತ್ತದೆ. ಕನ್ನಡದಲ್ಲೂ ಇದು ಹೀಗೆಯೇ ಆದ್ದರಿಂದ ಮಕ್ಕಳು ಇಲ್ಲಿ ತಪ್ಪುವುದಿಲ್ಲ.

ಎರಡನೆಯದರಲ್ಲಿ ಕರೆಯುವವಳು ಅಮ್ಮ, ಬರುವವರು ಮಕ್ಕಳು. ಕರೆಯುವುದಕ್ಕೆ ಲ್ಯಪ್ ಹಾಕಲಾಗದು, ಬರುವುದಕ್ಕೆ ಹಾಕಬಹುದು: ‘ಯದಾ ಮಾತಾ ಆಹ್ವಯತಿ ತದಾ ಏವ ಆಗತ್ಯ ಭೋಜನಂ ಕುರ್ಯುಃ’. ‘ಮಾಡಬೇಕು’ ಎಂಬುದಕ್ಕೆ ಕನ್ನಡದಲ್ಲಿ ವಚನವಿಲ್ಲ, ಒಬ್ಬನಿಗೂ ನೂರು ಜನಕ್ಕೂ ಅದೇ ರೂಪ. ಸಂಸ್ಕೃತದಲ್ಲಿ ಮಕ್ಕಳು ಬಹುವಚನವಾದ್ದರಿಂದ ಕುರ್ಯಾತ್ ಅಲ್ಲ, ಕುರ್ಯುಃ.

ಮೂರನೆಯದು ಮಳೆಯ ವಾಕ್ಯದ ಜಾತಿಗೆ ಸೇರಿದ್ದು. ಹೊಡೆದದ್ದು ಗಂಟೆ, ಶುರುವಾದದ್ದು ಪಾಠ. ‘ಘಂಟಾನಾದಾತ್ ಪರಂ ಪಾಠಃ ಆರಭ್ಯತೇ’ ಎಂದು ಪಂಚಮಿಯಿಂದ ದಾಟಬೇಕು.

ನಾಲ್ಕನೆಯದರಲ್ಲಿ ‘ಓದದೆ’ ಇದೆ. ನಿಷೇಧದ ಅಕಾರ ಧಾತುವಿನ ಹಿಂದೆ ಬಂದು ಕೂಡಿತು, ಇನ್ನು ಲ್ಯಪ್ ಬರಬೇಕಲ್ಲವೇ ಎಂದು ಜಾಣ ಮಕ್ಕಳು ‘ಅಪಠ್ಯ’ ಎಂದು ಬರೆಯುತ್ತಾರೆ. ಲ್ಯಪ್ ಹೇಳುವ ಆ 7.1.37ನೆಯ ಸೂತ್ರವೇ ನಿಷೇಧದ ಅಕಾರವನ್ನು ಹೊರಗಿಟ್ಟಿದೆ. ಹಾಗಾಗಿ ಕ್ತ್ವಾ ಉಳಿದುಕೊಳ್ಳುತ್ತದೆ. ಮಾಡದೆ ಎಂದರೆ ಅಕೃತ್ವಾ, ನೋಡದೆ ಎಂದರೆ ಅದೃಷ್ಟ್ವಾ. ‘ಆಡಬಾರದು’ ಎಂಬುದಕ್ಕೆ ‘ನ’ ಸೇರಿದ ವಿಧಿಲಿಙ್. ಪೂರ್ತಿ ವಾಕ್ಯ: ‘ಪಾಠಮ್ ಅಪಠಿತ್ವಾ ನ ಕ್ರೀಡೇಯುಃ’.